ಒಂದು ‘ತಮ್ಮ’ ಹೆಚ್ಚಾಯಿತು

ಆ ಬೀದಿಯಲ್ಲಿ ಅವಳಿಗೆ ಹೆಸರಿರಲಿಲ್ಲ. ಇರಲೇ ಇಲ್ಲವೆಂದಲ್ಲ. ಮದುವೆಯಾಗಿ ಬರುವಾಗ ಜೊತೆಗೆ ತಂದಿದ್ದಳು, ಆಮೇಲೆ ಯಾರೂ ಕೇಳಲಿಲ್ಲ, ಅಷ್ಟೇ. ದಾರ ಮಾರುತ್ತಿದ್ದಳಾದ್ದರಿಂದ ಚಿಕ್ಕವರಿಗೂ ದೊಡ್ಡವರಿಗೂ ದಾರದಕ್ಕ. ಗಡಿಯಾರ ರಿಪೇರಿಯವನ ಅಂಗಡಿಗೂ ಬ್ರೆಡ್ಡಿನ ಅಂಗಡಿಗೂ ನಡುವೆ, ಇಬ್ಬರೂ ಬೇಡವೆಂದು ಬಿಟ್ಟುಕೊಟ್ಟ ಸಂದಿಯಂಥ ಜಾಗದಲ್ಲಿ ಅವಳ ಅಂಗಡಿ. ಇಬ್ಬರು ಗಿರಾಕಿಗಳು ಒಟ್ಟಿಗೆ ಒಳಗೆ ಬಂದರೆ ಒಬ್ಬರು ಹೊಟ್ಟೆ ಒಳಗೆಳೆದುಕೊಳ್ಳಬೇಕು. ಆದರೆ ಇಬ್ಬರು ಒಟ್ಟಿಗೆ ಬಂದು ಎಷ್ಟೋ ಕಾಲವಾಗಿತ್ತು, ಹಾಗಾಗಿ ಅದೊಂದು ತೊಂದರೆಯೆಂದು ಯಾರಿಗೂ ಅನ್ನಿಸಿರಲಿಲ್ಲ. ಗುಂಡಿ ಕಿತ್ತುಹೋದರೆ ಅಂಗಿಯನ್ನೇ ಎಸೆಯುವ ಕಾಲ ಬಂದಿರುವಾಗ ಗುಂಡಿ, ಜಿಪ್ಪು, ಎಲಾಸ್ಟಿಕ್ಕು ಇಟ್ಟುಕೊಂಡು ಕೂತವಳನ್ನು ಯಾರು ಕೇಳುತ್ತಾರೆ?

ಗಂಡ ತೀರಿಕೊಂಡಾಗ ಅವಳಿಗೆ ಉಳಿದದ್ದು ಈ ಅಂಗಡಿ ಮತ್ತು ಗಂಡನ ತಾಯಿ. ಎರಡನ್ನೂ ಬಿಟ್ಟು ಬಾ ಎಂದು ತವರಿನವರು ಕರೆದರು. ಅವಳು ಹೋಗಲಿಲ್ಲ. ಹೋಗುವ ಧೈರ್ಯ ಇರಲಿಲ್ಲ ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು. ನಂಬುವವರು ನಂಬಲಿ.

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ಆ ಮನೆಯಲ್ಲಿ ಎರಡನೆಯ ಕಾಲ ಬರಲೇ ಇಲ್ಲ. ಮಂಡಿ ಹಿಡಿದುಕೊಂಡು ಹಿಂದಿನ ಕೋಣೆ ಸೇರಿದ ಮೇಲೂ ಅತ್ತೆಯ ಗತ್ತು ಒಂದಿಷ್ಟೂ ಇಳಿಯಲಿಲ್ಲ. ಸೊಸೆ ಅವಳನ್ನು ಎದುರಿಗೆ ‘ನೀವು’ ಎನ್ನುವಳು, ಹಿಂದಿನಿಂದ ‘ಅವರು’ ಎನ್ನುವಳು. ಅವರು ಊಟ ಮಾಡಿದರು, ಅವರು ಮಲಗಿದರು, ಅವರಿಗೆ ಸಿಟ್ಟು ಬಂದಿದೆ. ಮನೆಯನ್ನು ಕೂಡ, ಅರ್ಧ ಆಯುಷ್ಯ ಅಲ್ಲೇ ಸವೆಸಿದ್ದರೂ, ಬಾಯಿ ತಪ್ಪಿಯೂ ‘ನಮ್ಮ ಮನೆ’ ಎಂದವಳಲ್ಲ. ಅದು ಅವರ ಮನೆ.

ಆ ‘ಅವರು’ ಬಟ್ಟೆಯ ಚಪ್ಪಲಿ ಹೊಲಿಯುತ್ತಿದ್ದರು. ಹಳೆಯ ಬಟ್ಟೆಯ ತುಂಡುಗಳಿಗೆ ಹಿಟ್ಟಿನ ಗಂಜಿ ಸವರಿ, ಪದರದ ಮೇಲೆ ಪದರ ಅಂಟಿಸಿ, ಹಲಗೆಯ ಮೇಲೆ ಚಪ್ಪಟೆಯಾಗಿ ಒಣಗಿಸಬೇಕು. ಒಣಗಿದ ಹಾಳೆಯನ್ನು ಪಾದದ ಅಳತೆಗೆ ಕತ್ತರಿಸಿ, ಒಂದರ ಮೇಲೊಂದು ಪೇರಿಸಿದರೆ ಅಡಿಭಾಗ. ಅದು ಸೂಜಿಗೆ ಬಗ್ಗುವ ವಸ್ತುವಲ್ಲ. ಮೊದಲು ದಬ್ಬಳದಿಂದ ತೂತು ಕೊರೆಯಬೇಕು, ಆಮೇಲೆ ಮೇಣ ಉಜ್ಜಿದ ದಾರವನ್ನು ಎರಡು ಕೈಯಿಂದಲೂ ಜಗ್ಗಬೇಕು. ದಾರ ಸಡಿಲ ಬಿಟ್ಟರೆ ಪದರ ಬಿಚ್ಚಿಕೊಳ್ಳುತ್ತದೆ, ಬಿಗಿ ಹೆಚ್ಚಾದರೆ ಅಡಿಭಾಗ ದೋಣಿಯ ಹಾಗೆ ಮೇಲೇಳುತ್ತದೆ. ಮುದುಕಿ ಹೊಲಿದ ಚಪ್ಪಲಿಯ ತಳ ತಿರುಗಿಸಿ ನೋಡಿದರೆ ಹೊಲಿಗೆಯೆಲ್ಲ ಸಾಲು ಹಿಡಿದು, ಅಕ್ಕಿ ಕಾಳು ಜೋಡಿಸಿಟ್ಟಂತಿರುತ್ತಿತ್ತು. ತಳ ತಿರುಗಿಸಿ ನೋಡುವವರು ಯಾರು ಎನ್ನುವುದು ಬೇರೆ ಮಾತು.

ಯಾರೂ ಇರಲಿಲ್ಲ. ಅದೇ ಸಂಕಟ. ಸಂಜೆ ಅಂಗಡಿ ಮುಚ್ಚಿ ಹಿಂಬದಿಯ ಮನೆಗೆ ಬಂದ ಕೂಡಲೇ ಅತ್ತೆ ತಲೆಯೆತ್ತದೆ ಕೇಳುವಳು: “ಹೋಯ್ತಾ?” ಚಪ್ಪಲಿ ಮಾರಾಟವಾಯಿತೇ ಎಂದರ್ಥ. ಸೊಸೆ “ಹೋಯ್ತು” ಎನ್ನುವಳು. ಹೋಗದ ಜೊತೆಗಳು ಜಿಪ್ಪಿನ ಡಬ್ಬಗಳ ಹಿಂದೆ, ಗಲ್ಲಾಪೆಟ್ಟಿಗೆಯ ಕೆಳಗೆ, ಗಂಡನ ಹಳೆಯ ಟ್ರಂಕಿನಲ್ಲಿ ಕಾಲುಚಾಚಿ ಮಲಗಿದ್ದವು. ಮೊದಲ ಸಲ ಸುಳ್ಳು ಹೇಳಿದ್ದು ಅತ್ತೆಯ ಬಾಯಿಗೆ ಹೆದರಿ. ಆಮೇಲೆ ಹೇಳಿದ್ದು ಬೇರೆ ಕಾರಣಕ್ಕೆ. ಅತ್ತೆಯ ಬೆರಳಿನ ಗೆಣ್ಣುಗಳು ಊದತೊಡಗಿದ್ದವು. ಇದಕ್ಕೆ ಔಷಧ ಕಮ್ಮಿ, ಕೈಗೆ ಕೆಲಸ ಕಮ್ಮಿ ಮಾಡಿ ಎಂದಿದ್ದರು ಡಾಕ್ಟರು. ಆ ಬೆರಳು ಪೂರ್ತಿ ನಿಲ್ಲುವುದರೊಳಗೆ ಈ ಚಪ್ಪಲಿ ಒಂದು ಸಲವಾದರೂ ನಿಜವಾಗಿ ‘ಹೋಗಬೇಕು’ ಎನ್ನುವುದು ದಾರದಕ್ಕನ ತಲೆಗೆ ಹತ್ತಿ ಕೂತಿತ್ತು. ಅತ್ತೆಯ ಮೇಲಿನ ಪ್ರೀತಿಯಿಂದಲೇ ಎಂದು ಕೇಳಿದರೆ ಅವಳು ನಗುತ್ತಿದ್ದಳು.

ಈಗ ಎಲ್ಲರೂ ಫೋನಿನಲ್ಲೇ ಮಾರುತ್ತಾರೆ, ಚಿತ್ರ ತೆಗೆದು ಹಾಕಿದರೆ ಎಲ್ಲಿಂದಲೋ ಕೇಳುತ್ತಾರೆ ಎಂದು ಬೀದಿಯ ಕೊನೆಯ ಜೆರಾಕ್ಸ್ ಅಂಗಡಿಯವನು ಹೇಳಿದ. ಚಿತ್ರದ ಕೆಳಗೆ ನಾಲ್ಕು ಸಾಲು ವಿವರಣೆ ಬೇಕಂತೆ. ದಾರದಕ್ಕ ಗುಂಡಿಯ ಡಬ್ಬದ ರಟ್ಟು ಹರಿದು, ಅದರ ಹಿಂದೆ ಬರೆದಳು:

“ಈ ಚಪ್ಪಲಿ ಬಟ್ಟೆದು. ಚರ್ಮ ಇಲ್ಲ ಮಿಷನ್ ಇಲ್ಲ. ಅವರು ತಮ್ಮ ಮನೆಯಲ್ಲೆ ಕುತು ಕೈ ಇಂದ ಹೊಲಿಯುತ್ತಾರೆ. ನಿದಾನ ಹಾಗುತ್ತೆ. ಒಂದು ಇದ್ದ ತರ ಇನ್ನೊಂದು ಇರಲ್ಲ. ಮನೆ ಒಳಗೆ ಮಾತ್ರ. ನೀರಿಗೆ ಹಾಕಬೇಡಿ.”

ಇದನ್ನು ಹೀಗೇ ಹಾಕಿದರೆ ಜನ ನಗುತ್ತಾರೆ ಎಂದ ಜೆರಾಕ್ಸಿನವನು, ಮೂಲೆಯ ಮೇಜಿನ ಕಡೆ ಕೈ ತೋರಿಸಿದ. ಅಲ್ಲಿ ಹೊಸದಾಗಿ ಬಂದು ಕೂತಿದ್ದ ಹಿರಿಯರೊಬ್ಬರು ಅರ್ಜಿ, ಕರಪತ್ರ, ಅಂಗಡಿಯ ಬೋರ್ಡು ಎಲ್ಲವನ್ನೂ ತಿದ್ದಿಕೊಡುತ್ತಿದ್ದರು. ಒಂದು ಪ್ರೆಸ್ಸಿನಲ್ಲಿ ತಲೆ ಹಣ್ಣಾಗುವವರೆಗೆ ಕರಡು ತಿದ್ದಿದವರು. ಪ್ರೆಸ್ಸು ಮುಚ್ಚಿದ ಮೇಲೆ ಮಗಳ ಮನೆ ಸೇರಿ ಈ ಬೀದಿಗೆ ಬಂದಿದ್ದರು. ಬಂದ ವಾರದಲ್ಲೇ ಬ್ರೆಡ್ಡಿನ ಅಂಗಡಿಯ ಬೋರ್ಡಿನಲ್ಲಿ ಬಿಟ್ಟುಹೋದ ಒತ್ತಕ್ಷರ ತೋರಿಸಿ ಜಗಳವಾಡಿದ್ದರಿಂದ ಜನ ಅವರಿಗೆ ಒತ್ತಕ್ಷರದ ಮೇಷ್ಟ್ರು ಎಂದು ಹೆಸರಿಟ್ಟರು. ಅವರು ಒಂದು ದಿನವೂ ಪಾಠ ಮಾಡಿದವರಲ್ಲ.

ಮೇಷ್ಟ್ರು ರಟ್ಟನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದರು. ‘ಕುತು’ವಿಗೆ ದೀರ್ಘ ಕೊಟ್ಟರು. ‘ಕೈ ಇಂದ’ವನ್ನು ಸೇರಿಸಿ ‘ಕೈಯಿಂದ’ ಮಾಡಿದರು. ‘ನಿದಾನ’ದ ಹೊಟ್ಟೆ ಸೀಳಿದರು. ‘ಹಾಗುತ್ತೆ’ಯ ಮುಂದೆ ಬಂದಾಗ ಪೆನ್ನು ಕೆಳಗಿಟ್ಟು, ‘ಆ’ ಎನ್ನುವ ಅಕ್ಷರ ನಿಮಗೆ ಏನು ಅಪಕಾರ ಮಾಡಿದೆ ಎಂದು ಕೇಳಿದರು. ದಾರದಕ್ಕನಿಗೆ ನಗು ಬಂತು. ಬರೇ ತಪ್ಪು ತಿದ್ದಿದರೆ ಸಾಲದು, ಓದಿದವನಿಗೆ ಕೊಳ್ಳಬೇಕು ಅನ್ನಿಸಬೇಕು, ನಾಳೆ ಬನ್ನಿ ಎಂದರು. ಅತ್ತೆ ಹಿಂದಿನ ಕೋಣೆಯಿಂದ ಹೊರಗೆ ಬಾರದೆ ವರ್ಷಗಳಾಗಿದ್ದವು. ಹೊಸಬರಾದ ಮೇಷ್ಟ್ರಿಗೆ ಅಂಥವರೊಬ್ಬರಿದ್ದಾರೆಂದು ಗೊತ್ತಾಗುವ ದಾರಿಯೇ ಇರಲಿಲ್ಲ. ಅವರು ಕೇಳಲಿಲ್ಲ, ಇವಳು ಹೇಳಲಿಲ್ಲ.

ಮರುದಿನ ಕೈಗೆ ಬಂದ ಬರಹ ಹೀಗಿತ್ತು:

“ಚರ್ಮದ ಸುಳಿವಿಲ್ಲ, ಯಂತ್ರದ ಸದ್ದಿಲ್ಲ. ನುರಿತವರು ತಮ್ಮ ತಮ್ಮ ಮನೆಗಳಲ್ಲಿ ಕುಳಿತು, ಒಂದೊಂದೇ ಹೊಲಿಗೆ ಹಾಕಿ, ಅವಸರವಿಲ್ಲದೆ ಸಿದ್ಧಪಡಿಸುವ ಬಟ್ಟೆಯ ಚಪ್ಪಲಿಗಳು. ಒಂದರಂತೆ ಇನ್ನೊಂದಿಲ್ಲ, ಏಕೆಂದರೆ ಒಂದು ಕೈಯಂತೆ ಇನ್ನೊಂದು ಕೈಯಿಲ್ಲ. ಮನೆಯೊಳಗಿನ ನಡಿಗೆಗೆ ಮಾತ್ರ. ನೀರು ತಾಗದಂತೆ ಕಾಪಾಡಿ.”

ದಾರದಕ್ಕ ಅದನ್ನು ನಿಂತಲ್ಲೇ ಎರಡು ಸಲ ಓದಿದಳು. ತನ್ನ ಅಂಗಡಿಯ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ವಸ್ತುವಿಗೆ ಇಷ್ಟು ಒಳ್ಳೆಯ ಮಾತು ಸಲ್ಲುತ್ತದೆಂದು ಅವಳಿಗೆ ತಿಳಿದಿರಲಿಲ್ಲ. ಒಂದು ‘ತಮ್ಮ’ ಇದ್ದಲ್ಲಿ ಎರಡಾದದ್ದು ಅವಳ ಕಣ್ಣಿಗೆ ಬೀಳಲಿಲ್ಲ. ತಿದ್ದಿದವರು ದೊಡ್ಡವರು, ಅಂದವಾಗಲಿ ಎಂದು ಹಾಕಿರಬೇಕು ಎನ್ನುವಷ್ಟು ಕೂಡ ಯೋಚನೆ ಬರಲಿಲ್ಲ. ಬರಹವನ್ನು ಚಿತ್ರದ ಜೊತೆ ಫೋನಿಗೆ ಹಾಕಿಸಿ, ಮನೆಗೆ ಹೋಗಿ ಅತ್ತೆಗೆ ಗಟ್ಟಿಯಾಗಿ ಓದಿ ಹೇಳಿದಳು. ಮುದುಕಿ ದಾರಕ್ಕೆ ಮೇಣ ಉಜ್ಜುವುದನ್ನು ನಿಲ್ಲಿಸಿದಳು.

“ಯಾರ ವಿಷಯ ಇದು?”

“ನಿಮ್ಮದೇ.”

“ಕಾಲಿಗೆ ಹಾಕ್ಕೊಳ್ಳೋದಕ್ಕೆ ಇಷ್ಟೊಂದು ಮಾತು ಬೇಕಾ,” ಎಂದು ಅತ್ತೆ ಮತ್ತೆ ಮೇಣ ಉಜ್ಜತೊಡಗಿದಳು. ಆದರೆ ಸ್ವಲ್ಪ ಹೊತ್ತಾದ ಮೇಲೆ ಆ ಕೈಯಂತೆ ಇನ್ನೊಂದು ಕೈಯಿಲ್ಲ ಅನ್ನೋದನ್ನ ಇನ್ನೊಂದು ಸಲ ಓದು ಎಂದಳು. ಆ ಮನೆಯಲ್ಲಿ ಅತ್ತೆ ಸೊಸೆಯನ್ನು ಏನನ್ನಾದರೂ ಕೇಳಿಕೊಂಡದ್ದು ಅದೇ ಮೊದಲು.

ಕೆಲವು ದಿನ ಏನೂ ಆಗಲಿಲ್ಲ. ಆಮೇಲೆ ದೊಡ್ಡ ಊರಿನ ದೊಡ್ಡ ಮಳಿಗೆಯೊಂದರಿಂದ, ಖರೀದಿ ನೋಡಿಕೊಳ್ಳುವ ಹೆಂಗಸೊಬ್ಬರು ಫೋನ್ ಮಾಡಿದರು. ಬರಹ ಓದಿ ಮೈ ಜುಮ್ಮೆಂದಿತು, ಮೊದಲು ಒಂದು ಡಜನ್ ಜೊತೆ ಕಳಿಸಿ, ನೋಡುತ್ತೇವೆ ಎಂದರು. ದಾರದಕ್ಕ ಟ್ರಂಕಿನ ಮುಚ್ಚಳ ತೆಗೆದಳು. ಎಷ್ಟೋ ಸಲ ‘ಹೋದ’ ಚಪ್ಪಲಿಗಳಲ್ಲಿ ಚೆನ್ನಾಗಿದ್ದವನ್ನು ಆರಿಸಿ, ಒರೆಸಿ, ಅವತ್ತೇ ಕಳಿಸಿಬಿಟ್ಟಳು. ಕಳಿಸಿ ಅಂಗಡಿಯ ಬಾಗಿಲಲ್ಲಿ ನಿಂತು ಬ್ರೆಡ್ಡಿನವನ ಕಡೆ ಸುಮ್ಮನೆ ನಕ್ಕಳು. ಅವನು ಸಾಲ ಕೇಳಲಿಕ್ಕೆ ಬಂದಿದ್ದಾಳೆಂದುಕೊಂಡು ಒಳಗೆ ಹೋದ.

ಮತ್ತೆ ಫೋನ್ ಬಂತು. ಮೇಡಂ ಕುಣಿಯುವುದೊಂದು ಬಾಕಿ. ಮುಂದಿನ ಚಳಿಗಾಲಕ್ಕೆ ಮಳಿಗೆಯ ಎಲ್ಲ ಶಾಖೆಗಳಿಗೂ ಬೇಕು, ಐನೂರು ಜೊತೆ ಎಂದರು.

“ಇಷ್ಟು ಬೇಗ ಡಜನ್ ಕಳಿಸಿದಿರಿ ಅಂದ್ರೆ ಕೈಗಳು ತುಂಬ ಇರಬೇಕು. ತಮ್ಮ ತಮ್ಮ ಮನೆಗಳಲ್ಲಿ ಅಂತ ಬರೆದಿದೀರಲ್ಲ, ಅವರೆಲ್ಲ ನಿಮ್ಮ ಊರಿನವರೇನಾ?”

ಆಗ ಅವಳಿಗೆ ಕೇಳಿಸಿತು. ಕಣ್ಣಿಗೆ ಬೀಳದ್ದು ಕಿವಿಗೆ ಬಿತ್ತು. ಒಂದಲ್ಲ, ಎರಡು ತಮ್ಮ. ಇಲ್ಲ ಮೇಡಂ, ಒಬ್ಬರೇ ಎನ್ನಬೇಕಾಗಿತ್ತು. ಬಾಯಿಯವರೆಗೆ ಬಂತು. ಅದನ್ನು ಹೇಳಿದರೆ ಈ ದನಿಯಲ್ಲಿನ ಸಂತೋಷ ಅಲ್ಲೇ ಆರಿಹೋಗುತ್ತದೆ ಎಂದು ತಿಳಿದು ಬಾಯಿ ತಾನಾಗಿಯೇ ಬೇರೆ ದಾರಿ ಹಿಡಿಯಿತು.

“ಅವರು ಇಲ್ಲೇ ಇದ್ದಾರೆ,” ಎಂದಳು. “ಅವರನ್ನ ಕೇಳಿ ಹೇಳ್ತೀನಿ.”

ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಒಬ್ಬ ಅತ್ತೆಯನ್ನೂ ಒಂದು ಊರಿನ ಹೆಂಗಸರನ್ನೂ ಒಂದೇ ‘ಅವರು’ ಹೊತ್ತು ನಿಲ್ಲುತ್ತದೆ. ನಮ್ಮ ಮಾತಿನ ಮರ್ಯಾದೆ ಅಷ್ಟು ದೊಡ್ಡದು, ಅದರ ಮರೆಯಲ್ಲಿ ಏನು ಬೇಕಾದರೂ ಬಚ್ಚಿಡಬಹುದು.

ಅವಳು ನೇರವಾಗಿ ಮೇಷ್ಟ್ರ ಮೇಜಿಗೆ ಹೋದಳು. ಈ ಇನ್ನೊಂದು ತಮ್ಮ ಎಲ್ಲಿಂದ ಬಂತು ಎಂದು ಕೇಳಿದಳು. ಮೇಷ್ಟ್ರು ಕನ್ನಡಕ ಏರಿಸಿದರು. ‘ಅವರು’ ಬಹುವಚನ, ‘ಹೊಲಿಯುತ್ತಾರೆ’ ಬಹುವಚನ, ಹತ್ತಾರು ಜನ ಒಂದೇ ಮನೆಯಲ್ಲಿ ಹೇಗೆ ಕೂರುತ್ತಾರೆ, ಅದಕ್ಕೆ ತಮ್ಮ ತಮ್ಮ ಎಂದು ಮಾಡಿದೆ, ವ್ಯಾಕರಣಕ್ಕೆ ಅದೇ ಸರಿ ಎಂದರು. ಹತ್ತಾರು ಜನ ಇಲ್ಲ, ಒಬ್ಬರೇ, ನಮ್ಮ ಅತ್ತೆ ಎಂದಳು ಇವಳು. ಮೇಷ್ಟ್ರ ಮುಖ ಸಣ್ಣದಾಯಿತು.

“ಒಬ್ಬರೇ ಆಗಿದ್ರೆ ‘ಹೊಲಿಯುತ್ತಾಳೆ’ ಅಂತ ಬರೀಬಾರದಿತ್ತೇನಮ್ಮಾ?”

“ಅತ್ತೇನ ಏಕವಚನದಲ್ಲಿ ಹೇಗೆ ಬರೀಲಿ ಮೇಷ್ಟ್ರೇ?”

ಮೇಷ್ಟ್ರು ಕಾಗದ ಮುಂದಕ್ಕೆ ಎಳೆದುಕೊಂಡರು. ಈಗಲೇ ಹೊಡೆದುಹಾಕುತ್ತೇನೆ ಎಂದು ಪೆನ್ನು ತೆಗೆದರು. ಕಾಗದದಲ್ಲಿ ಹೊಡೆದರೂ ಮೇಡಂ ತಲೆಯಲ್ಲಿ ಹೊಡೆಯುವುದು ಹೇಗೆ? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ದಾರದಕ್ಕ ಬೇಡವೆಂದು ಎದ್ದು ಬಂದಳು.

ಮನೆಯಲ್ಲಿ ಹೇಳಿ ಮುಗಿಸಿಬಿಡೋಣ, ಅತ್ತೆಯೇ ಆಗದು ಎನ್ನಲಿ, ಅದನ್ನೇ ಫೋನಿನಲ್ಲಿ ಒಪ್ಪಿಸಿದರಾಯಿತು ಎಂದುಕೊಂಡಿದ್ದಳು. ದೊಡ್ಡ ಊರಿನಿಂದ ಐನೂರು ಜೊತೆ ಕೇಳಿದ್ದಾರೆ ಎಂದಳು. ನನಗೇನು ಐನೂರು ಕೈ ಇದೆಯಾ ಎಂದು ಅತ್ತೆ ಬೈಯಬೇಕಿತ್ತು. ಬೈಯಲಿಲ್ಲ. ಊದಿದ ಬೆರಳುಗಳನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿಕೊಂಡಳು. ಮುಖದ ಮೇಲೆ, ಮಗ ಸತ್ತ ಮೇಲೆ ಸೊಸೆ ನೋಡದೇ ಇದ್ದ ಒಂದು ಬೆಳಕು ಬಂತು.

“ಹೋಗುತ್ತೆ ಅಂತ ನಂಗೊತ್ತಿತ್ತು,” ಎಂದಳು. “ದಬ್ಬಳ ಚೂಪು ಮಾಡಿಸ್ಕೊಂಡು ಬಾ.”

ಆಗದು ಎಂದು ಹೇಳುವ ಎರಡನೆಯ ಅವಕಾಶವೂ ಹಾಗೆ ಹೋಯಿತು. ಸೊಸೆ ಮೇಡಂಗೆ ಆಗಲಿ ಎಂದು ಫೋನ್ ಮಾಡಿ, ದಬ್ಬಳ ಚೂಪು ಮಾಡಿಸಿಕೊಂಡು ಬಂದಳು.

ಬೇರೆ ಹೆಂಗಸರನ್ನು ಸೇರಿಸಿದರೆ ಸುಳ್ಳೇ ನಿಜವಾಗಬಹುದಲ್ಲ ಎನ್ನುವ ಆಸೆಯಿಂದ ಅವಳು ಮನೆ ಮನೆ ಅಲೆದಳು. ಗಡಿಯಾರದವನ ಹೆಂಡತಿ ಒಂದು ಅಡಿಭಾಗ ಹಿಡಿದು ಕೂತು, ಮಧ್ಯಾಹ್ನದೊಳಗೆ ಅಂಗೈಯಲ್ಲಿ ಬೊಕ್ಕೆ ತೋರಿಸಿ ವಾಪಸು ಕೊಟ್ಟಳು. ಉಳಿದವರು ಅಷ್ಟೂ ಮಾಡಲಿಲ್ಲ. ದಾರದಕ್ಕ ತಾನೇ ಕೂತಳು. ದಾರ ಮಾರುವುದು ಬೇರೆ, ದಾರ ಎಳೆಯುವುದು ಬೇರೆ. ಅವಳ ಹೊಲಿಗೆ ಕುಡಿದವನ ನಡಿಗೆಯ ಹಾಗೆ ಹೋಯಿತು. ಅತ್ತೆ ಅದನ್ನು ನೋಡಿ ಬಿಚ್ಚಿ, ಆ ತೂತುಗಳಲ್ಲೇ ಮತ್ತೆ ತಾನೇ ಹೊಲಿದಳು.

ಮುದುಕಿ ಹುಚ್ಚು ಹಿಡಿದವಳಂತೆ ಕೆಲಸ ಮಾಡಿದಳು. ಊಟಕ್ಕೆ ಕರೆದರೆ ಈ ಸಾಲು ಮುಗಿಯಲಿ ಎನ್ನುವಳು. ಕೈಯನ್ನು ಬಿಸಿ ನೀರಿನಲ್ಲಿ ಅದ್ದಿ, ಬೆರಳಿಗೆ ಬಟ್ಟೆ ಸುತ್ತಿ ಮತ್ತೆ ಕೂರುವಳು. ಸಾಕು ಮಾಡಿ ಎಂದು ಸೊಸೆ ಗೋಗರೆದಳು. ಆದರೆ ಯಾಕೆ ಸಾಕು ಎಂದು ಹೇಳುವ ಮಾತನ್ನು ಮಾತ್ರ ಆಡಲಿಲ್ಲ. ಅವಳಿಗೆ ಲೆಕ್ಕ ಬರುತ್ತಿರಲಿಲ್ಲವೆಂದೇನಲ್ಲ. ಈ ಕೈಗಳಿಂದ ಐನೂರು ಜೊತೆ ಈ ಜನ್ಮದಲ್ಲಿ ಆಗುವುದಿಲ್ಲವೆಂದು ಮೊದಲ ದಿನವೇ ಗೊತ್ತಿತ್ತು. ಆದರೆ ಅತ್ತೆ ಕೆಲಸದ ಮಧ್ಯೆ ಒಮ್ಮೊಮ್ಮೆ, ಯಾರಿಗೂ ಕೇಳಿಸಬಾರದೆನ್ನುವಂತೆ, ‘ಒಂದು ಕೈಯಂತೆ ಇನ್ನೊಂದು ಕೈಯಿಲ್ಲ’ ಎಂದು ಗುನುಗಿಕೊಳ್ಳುತ್ತಿದ್ದಳು. ಅದನ್ನು ಕೇಳಿಸಿಕೊಂಡವಳು ಹೇಗೆ ಹೇಳಬೇಕು, ನೀವೇ ಹೇಳಿ.

ಒಂದು ಬೆಳಿಗ್ಗೆ ಬಲಗೈ ಬೆರಳುಗಳು ಮಡಚಲಿಲ್ಲ. ಸಂಜೆಯೂ ಮಡಚಲಿಲ್ಲ. ಆಮೇಲೆ ಎಂದೂ ಮಡಚಲಿಲ್ಲ.

ಮೇಡಂ ತಾವೇ ಬಂದರು. ಹೆಂಗಸರ ಚಿತ್ರ ತೆಗೆಯಬೇಕೆಂದು ಒಳ್ಳೆಯ ಕ್ಯಾಮೆರಾ ತಂದಿದ್ದರು. ದಾರದಕ್ಕ ಅವರನ್ನು ಹಿಂದಿನ ಕೋಣೆಯ ಹೊಸ್ತಿಲವರೆಗೆ ಕರೆದುಕೊಂಡು ಹೋದಳು. ಅತ್ತೆ ಗೋಡೆಗೆ ಒರಗಿ ನಿದ್ದೆ ಹೋಗಿದ್ದಳು, ತೊಡೆಯ ಮೇಲೆ ಅರ್ಧ ಹೊಲಿದ ಅಡಿಭಾಗ, ಅದರಲ್ಲೇ ನೆಟ್ಟ ದಬ್ಬಳ. ಮೇಡಂ ಕೋಣೆಯ ಮೂಲೆಗಳನ್ನೆಲ್ಲ ಕಣ್ಣಲ್ಲಿ ಹುಡುಕಿ, ಉಳಿದವರು ಎಲ್ಲಿ ಎಂದು ಮೆಲ್ಲಗೆ ಕೇಳಿದರು.

“ಇವರೇ ಅವರು,” ಎಂದಳು ದಾರದಕ್ಕ.

ಮೇಡಂ ಕೆಟ್ಟವರಲ್ಲ. ಕೂಗಾಡಲಿಲ್ಲ, ಮೋಸ ಎನ್ನಲಿಲ್ಲ. ಕ್ಯಾಮೆರಾವನ್ನು ಚೀಲದಿಂದ ತೆಗೆಯಲೂ ಇಲ್ಲ. ಹೊರಗೆ ಬಂದು, ಅಂಗಡಿಯ ಸ್ಟೂಲಿನ ಮೇಲೆ ಕೂತು, ತಮ್ಮ ಮೇಲಿನವರಿಗೆ ಮಾತು ಕೊಟ್ಟಾಗಿದೆ, ಚಪ್ಪಲಿಯನ್ನು ಬೇರೆ ಕಡೆ ಮಾಡಿಸುತ್ತೇವೆ ಎಂದರು. ಮಾಡುವವರು ಎಲ್ಲಾದರೂ ಸಿಗುತ್ತಾರೆ. ಬರಹ ಮಾತ್ರ ಇಂಥದ್ದು ಸಿಗುವುದಿಲ್ಲ, ಅದನ್ನು ಬಳಸಿಕೊಳ್ಳಬಹುದೇ ಎಂದು ಕೇಳಿದರು. ದಾರದಕ್ಕ ತಲೆಯಾಡಿಸಿದಳು. ಅದು ತನ್ನದಲ್ಲ, ಮೇಷ್ಟ್ರದು ಎಂದು ಆಮೇಲೆ ನೆನಪಾಯಿತು. ಮೇಷ್ಟ್ರದೂ ಅಲ್ಲ, ಒಳಗೆ ಮಲಗಿರುವವರದು ಎಂದು ಇನ್ನೂ ಸ್ವಲ್ಪ ಹೊತ್ತಿನ ಮೇಲೆ ನೆನಪಾಯಿತು. ಅಷ್ಟರಲ್ಲಿ ಕಾರು ಹೋಗಿತ್ತು.

ಅತ್ತೆ ಎದ್ದವಳು ಯಾರೋ ಬಂದಿದ್ದರಲ್ಲ ಎಂದಳು. ಆದಷ್ಟನ್ನು ತೆಗೆದುಕೊಂಡು ಹೋದರು, ಸಾಕಂತೆ ಎಂದಳು ಸೊಸೆ. ಅತ್ತೆ ಏಳುವ ಮೊದಲೇ ಕೋಣೆಯಲ್ಲಿದ್ದ ಜೊತೆಗಳನ್ನೆಲ್ಲ ಕಂಕುಳಲ್ಲಿ ಅಮುಕಿಕೊಂಡು ಒಯ್ದು ಟ್ರಂಕಿಗೆ ತುಂಬಿದ್ದಳು. ಮುಚ್ಚಳ ಮುಚ್ಚಿಕೊಳ್ಳದೆ, ಮೇಲೆ ಕೂತು ಒತ್ತಬೇಕಾಗಿತ್ತು.

ಚಳಿಗಾಲ ಬಂತು. ಒಂದು ದಿನ ಅಂಗಡಿಗೆ ಯಾರೋ ಹೊಸ ಹೆಂಗಸು ಬಂದು ಗಟ್ಟಿ ದಾರ ಕೇಳಿದಳು. ಬಟ್ಟೆಯ ಚಪ್ಪಲಿ ಕೊಂಡು ಇನ್ನೂ ವಾರವಾಗಿಲ್ಲ, ತಳ ಬಿಟ್ಟುಕೊಂಡಿದೆ ಎಂದು ಚೀಲದಿಂದ ತೆಗೆದು ತೋರಿಸಿದಳು. ಬಣ್ಣ ಅದೇ, ಅಂಚು ಅದೇ. ಕೆಳಗೆ ಅಂಟು ಹಾಕಿದ ರಬ್ಬರು, ಅದರ ಸುತ್ತ ಮಿಷನ್ನಿನ ಒಂದು ಸಾಲು ಹೊಲಿಗೆ. ಒಂದರಂತೆಯೇ ಇನ್ನೊಂದು. ದಾರಕ್ಕೆ ಕಟ್ಟಿದ ಚೀಟಿ ಇನ್ನೂ ನೇತಾಡುತ್ತಿತ್ತು. ದಾರದಕ್ಕ ಅದನ್ನು ಓದಬೇಕಾಗಿರಲಿಲ್ಲ, ಆದರೂ ಓದಿದಳು. ಒಂದು ಅಕ್ಷರವೂ ಬದಲಾಗಿರಲಿಲ್ಲ. ಎರಡೂ ತಮ್ಮ ಜೊತೆಜೊತೆಗೆ ನಿಂತಿದ್ದವು. ಇದು ದಾರಕ್ಕೆ ನಿಲ್ಲುವುದಿಲ್ಲ ಎಂದಳು. ಹಾಗಾದರೆ ಎಸೆದುಬಿಡಿ, ಇನ್ನೊಂದು ತೆಗೆದುಕೊಳ್ಳುತ್ತೇನೆ, ಎಲ್ಲ ಕಡೆ ಸಿಗುತ್ತದೆ ಎಂದು ಹೆಂಗಸು ಹೊರಟುಹೋದಳು.

ಎಸೆಯಲು ಮನಸ್ಸಾಗದೆ ದಾರದಕ್ಕ ಅದನ್ನು ಮನೆಗೆ ತಂದಳು. ಬಚ್ಚಿಡುವುದರೊಳಗೆ ಅತ್ತೆ ಕೈ ಚಾಚಿದಳು. ಮಡಚದ ಬೆರಳುಗಳನ್ನು ಚಪ್ಪಲಿಯ ಮೇಲೆ, ಅಂಚಿನ ಮೇಲೆ ಆಡಿಸಿದಳು. ತಳಕ್ಕೆ ಬಂದಾಗ ಕೈ ನಿಂತಿತು.

“ಇದು ಯಾರು ಹೊಲಿದದ್ದು?”

“ಅವರು,” ಎಂದಳು ಸೊಸೆ.

ಯಾವ ಅವರು ಎಂದು ಮುದುಕಿ ಕೇಳಲಿಲ್ಲ. ಚಪ್ಪಲಿಯನ್ನು ತೊಡೆಯಿಂದ ಪಕ್ಕಕ್ಕೆ ಸರಿಸಿದಳು. ಚೀಟಿ ಅವಳ ಕೈಗೆ ತಾಗಿ ಅಲುಗಿತು. ಆಮೇಲೆ, ಕೈ ನಿಂತಂದಿನಿಂದ ಕೇಳುವುದನ್ನು ಬಿಟ್ಟಿದ್ದ ಮಾತನ್ನು, ತಲೆಯೆತ್ತದೆ ಕೇಳಿದಳು.

“ಹೋಗ್ತಾ ಇದೆಯಾ?”

“ಹೋಗ್ತಾ ಇದೆ ಅತ್ತೆ,” ಎಂದಳು ದಾರದಕ್ಕ. ಇಷ್ಟು ವರ್ಷ ಆ ಪ್ರಶ್ನೆಗೆ ಕೊಟ್ಟ ಉತ್ತರಗಳಲ್ಲಿ ಅದೊಂದೇ ನಿಜವಾಗಿತ್ತು.